ಕಡಿಮೆ ದರದ ಟೆಂಡರು, ಹೆಚ್ಚಿನ ಬಿಲ್ಲು

“ಎಲ್ಲರಿಗಿಂತ ಕಡಿಮೆ ಮೊತ್ತ ನಮೂದಿಸಿದವರಿಗೇ ಕೆಲಸ ಕೊಡುತ್ತಾರಲ್ಲ, ಆದರೂ ಕೊನೆಗೆ ಬಿಲ್ಲು ಏಕೆ ಹೆಚ್ಚಾಗುತ್ತದೆ? ಹಾಗಾದರೆ ಟೆಂಡರು ನಿಯಮಗಳಿಂದ ಏನು ಪ್ರಯೋಜನ?”

ಟೆಂಡರಿನಲ್ಲಿ ಹೋಲಿಸುವುದು ಅಂದಾಜು ಪರಿಮಾಣದ ಮೇಲಿನ ಮೊತ್ತವನ್ನು. ಸರ್ಕಾರ ಹಣ ಕೊಡುವುದು ನಿಜವಾಗಿ ನಡೆದ ಕೆಲಸದ ಅಳತೆಗೆ. ಈ ಎರಡರ ನಡುವಿನ ಅಂತರದಲ್ಲೇ ಹೆಚ್ಚಿನ ನಷ್ಟಗಳು ಹುಟ್ಟುತ್ತವೆ, ಮತ್ತು ಒಳ್ಳೆಯ ನಿಯಮಗಳು ಕಾಯುವುದೂ ಅದೇ ಜಾಗವನ್ನು.

ಲೆಕ್ಕಕ್ಕೆಂದು ಒಂದು ಚರಂಡಿ ಕಾಮಗಾರಿಯನ್ನು ಕಲ್ಪಿಸಿಕೊಳ್ಳೋಣ. ಅಂದಾಜು ಪಟ್ಟಿಯಲ್ಲಿ 900 ಘನ ಮೀಟರ್ ಮಣ್ಣು ಅಗೆತ, 100 ಘನ ಮೀಟರ್ ಗಟ್ಟಿ ಬಂಡೆ ಅಗೆತ ಮತ್ತು 200 ಘನ ಮೀಟರ್ ಕಾಂಕ್ರೀಟ್ ಇದೆ. ಮೊದಲ ಗುತ್ತಿಗೆದಾರರು ಘನ ಮೀಟರಿಗೆ ಕ್ರಮವಾಗಿ 200, 1,000 ಮತ್ತು 6,000 ರೂಪಾಯಿ ನಮೂದಿಸುತ್ತಾರೆ, ಒಟ್ಟು 14,80,000. ಎರಡನೆಯವರು 150, 2,500 ಮತ್ತು 5,300 ನಮೂದಿಸುತ್ತಾರೆ, ಒಟ್ಟು 14,45,000. ಮೂವತ್ತೈದು ಸಾವಿರ ಕಡಿಮೆ ಇರುವುದರಿಂದ ಕೆಲಸ ಎರಡನೆಯವರಿಗೆ ಹೋಗುತ್ತದೆ. ಅಗೆಯಲು ತೊಡಗಿದಾಗ ಮಣ್ಣು 500 ಘನ ಮೀಟರಿಗೇ ಮುಗಿದು, ಬಂಡೆಯೂ 500 ಘನ ಮೀಟರ್ ಸಿಕ್ಕಿತೆಂದರೆ, ಬಿಲ್ಲು 23,85,000 ರೂಪಾಯಿ ಆಗುತ್ತದೆ. ಸೋತ ಗುತ್ತಿಗೆದಾರರ ದರದಲ್ಲಿ ಅದೇ ಕೆಲಸ 18,00,000ಕ್ಕೆ ಮುಗಿಯುತ್ತಿತ್ತು.

ಎರಡನೆಯವರು ಬಂಡೆಗೆ ಅಷ್ಟು ದರ ಹಾಕಿದ್ದು ಆಕಸ್ಮಿಕವಾಗಿರಬಹುದು. ನೆಲದಡಿ ಏನಿದೆಯೆಂದು ಅವರಿಗೊಬ್ಬರಿಗೇ ಗೊತ್ತಿದ್ದಿರಲೂಬಹುದು. ಸ್ಪರ್ಧೆ ದರವನ್ನು ಇಳಿಸುವುದು ಎಲ್ಲರಿಗೂ ಒಂದೇ ಮಾಹಿತಿ ಇದ್ದಾಗ ಮಾತ್ರ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅಡಿಯಲ್ಲಿ 2000ರಲ್ಲಿ ಬಂದ ನಿಯಮಗಳು ಟೆಂಡರು ಸಲ್ಲಿಸಲು ಮೂಲತಃ 2 ಕೋಟಿ ರೂಪಾಯಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕೊಟ್ಟಿದ್ದವು, ಮತ್ತು ಅವಧಿ ಕಡಿತಗೊಳಿಸಬೇಕಾದರೆ ಮೇಲಧಿಕಾರಿ ಕಾರಣವನ್ನು ಬರೆದಿಡಬೇಕೆಂದಿದ್ದವು. ಈ ಕಾಲಾವಕಾಶವನ್ನು ಬರಿಯ ವಿಳಂಬವೆಂದು ದೂರುವವರನ್ನು ನಾನು ಒಪ್ಪುವುದಿಲ್ಲ. ಊರಿಗೆ ಹೊಸಬರಾದ ಗುತ್ತಿಗೆದಾರರು ಸ್ಥಳಕ್ಕೆ ಹೋಗಿ, ಪಕ್ಕದ ಬಾವಿಯನ್ನೋ ಪಾಯವನ್ನೋ ನೋಡಿ, ಬಂಡೆಯ ಪರಿಮಾಣ ಕಡಿಮೆ ತೋರಿಸಿದೆಯಲ್ಲ ಎಂದು ಲಿಖಿತವಾಗಿ ಕೇಳಲು ಈ ದಿನಗಳೇ ಬೇಕು. ಹಾಗೆ ಒಬ್ಬರು ಕೇಳಿದ್ದಕ್ಕೆ ಕೊಟ್ಟ ಉತ್ತರ ಎಲ್ಲರಿಗೂ ತಲುಪಿದರೆ, ಒಬ್ಬರ ಗುಟ್ಟು ಲಾಭವಾಗಿ ಉಳಿಯುವುದಿಲ್ಲ. ಟೆಂಡರು ಕರೆಯುವ ಮೊದಲೇ ಇಲಾಖೆ ನಾಲ್ಕಾರು ಕಡೆ ಪರೀಕ್ಷಾ ಗುಂಡಿ ತೋಡಿಸಿದ್ದರೆ ಇನ್ನೂ ಒಳ್ಳೆಯದು.

ಲಕೋಟೆ ತೆರೆದ ಮೇಲೆ ಎರಡನೆಯ ಕಾವಲು ಬರುತ್ತದೆ. ಬಂಡೆಗೆ ಇಲಾಖೆಯ ದರಪಟ್ಟಿಯಲ್ಲಿರುವ ಅನುಸೂಚಿತ ದರ 1,000 ಇರುವಾಗ ಒಬ್ಬರು 2,500 ನಮೂದಿಸಿದ್ದನ್ನು ಒಟ್ಟು ಮೊತ್ತ ಮರೆಮಾಡುತ್ತದೆ. ಎಲ್ಲರ ದರಗಳನ್ನು ಬಾಬುವಾರು ಪಕ್ಕಪಕ್ಕ ಇಡುವ ತುಲನಾತ್ಮಕ ಪಟ್ಟಿ ಮರೆಮಾಡುವುದಿಲ್ಲ. ಇಂಥ ಅಸಮತೋಲಿತ ದರ ಕಂಡಾಗ ಅದು ಹೇಗೆ ಬಂತೆಂದು ತೋರಿಸುವ ದರ ವಿಶ್ಲೇಷಣೆ ಕೇಳಲು, ಅಗತ್ಯವಿದ್ದರೆ ಹೆಚ್ಚುವರಿ ಭದ್ರತಾ ಠೇವಣಿ ಪಡೆಯಲು ದೊಡ್ಡ ಕಾಮಗಾರಿಗಳ ಮಾದರಿ ಟೆಂಡರು ದಾಖಲೆಗಳಲ್ಲಿ ಅವಕಾಶವಿದೆ. ಆದರೆ ಒಂದು ಬಾಬು ದುಬಾರಿಯಾಯಿತೆಂಬ ಕಾರಣಕ್ಕೇ, ದಾಖಲೆಯಲ್ಲಿ ಮೊದಲು ಹೇಳದ ಮಾನದಂಡವನ್ನು ತಂದು, ಕಡಿಮೆ ಮೊತ್ತದವರನ್ನು ಕೈಬಿಡಲು ಬರುವುದಿಲ್ಲ. ಆ ಸ್ವಾತಂತ್ರ್ಯವನ್ನು ಅಧಿಕಾರಿಗೆ ಕೊಟ್ಟರೆ ಬೇಕಾದವರನ್ನು ಆರಿಸುವ ದಾರಿ ತೆರೆದಂತಾಗುತ್ತದೆ.

ಹೀಗಾಗಿ ನಿಜವಾದ ರಕ್ಷಣೆ ಕರಾರಿನಲ್ಲಿರುವ ಪರಿಮಾಣ ವ್ಯತ್ಯಾಸದ ಷರತ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬಾಬಿನ ಪರಿಮಾಣ ಶೇಕಡಾ 25ಕ್ಕಿಂತ ಹೆಚ್ಚು ಏರಿದರೆ, ಮೀರಿದ ಭಾಗಕ್ಕೆ ಅನುಸೂಚಿತ ದರದ ಆಧಾರದಲ್ಲಿ ಹಣ ಕೊಡುವ ಷರತ್ತು ಇತ್ತೆನ್ನಿ. ಆಗ 125 ಘನ ಮೀಟರ್ ಬಂಡೆಗೆ ಮಾತ್ರ 2,500ರ ದರ, ಉಳಿದ 375ಕ್ಕೆ 1,000ದ ದರ. ಬಿಲ್ಲು 23,85,000ದಿಂದ 18,22,500ಕ್ಕೆ ಇಳಿಯುತ್ತದೆ, ಅಂದರೆ ಮೊದಲ ಗುತ್ತಿಗೆದಾರರ ಮೊತ್ತಕ್ಕೆ ಬಹಳ ಹತ್ತಿರ. ಇಂಥ ಷರತ್ತು ಇದೆಯೆಂದು ಮೊದಲೇ ಗೊತ್ತಿದ್ದವರು ಬಂಡೆಗೆ ವಿಪರೀತ ದರ ಹಾಕುವ ಗೋಜಿಗೇ ಹೋಗುವುದಿಲ್ಲ. ಎಲ್ಲ ಬಾಬಿಗೂ ಅಂದಾಜಿನ ಮೇಲೆ ಒಂದೇ ಶೇಕಡಾವಾರು ಹೆಚ್ಚು ಅಥವಾ ಕಡಿಮೆ ನಮೂದಿಸುವ ಪದ್ಧತಿಯಲ್ಲೂ ಈ ಆಟಕ್ಕೆ ಜಾಗವಿಲ್ಲ.

ಇಷ್ಟಾದರೂ ಮಣ್ಣನ್ನು ಬಂಡೆಯೆಂದು ಅಳತೆ ಪುಸ್ತಕದಲ್ಲಿ ಬರೆದರೆ ಟೆಂಡರು ನಿಯಮ ಏನೂ ಮಾಡಲಾರದು. ಆದ್ದರಿಂದ ಮಾಹಿತಿ ಹಕ್ಕಿನಡಿ ದಾಖಲೆ ಕೇಳುವವರಿಗೆ ನಾನು ಹೇಳುವುದಿಷ್ಟು: ಟೆಂಡರಿನ ಪರಿಮಾಣ ಪಟ್ಟಿ, ತುಲನಾತ್ಮಕ ಪಟ್ಟಿ ಮತ್ತು ಅಂತಿಮ ಬಿಲ್ಲನ್ನು ಒಟ್ಟಿಗೆ ಪಡೆದು, ಏರಿದ ಬಾಬುಗಳೇ ದುಬಾರಿ ಬಾಬುಗಳೂ ಆಗಿವೆಯೇ ಎಂದು ನೋಡಿ. ಹಾಗಿದ್ದರೆ ಅಗೆಯುವ ಮುನ್ನ ತೆಗೆದ ನೆಲಮಟ್ಟದ ದಾಖಲೆಯನ್ನೂ, ಬಂಡೆ ಎಲ್ಲಿಂದ ಶುರುವಾಯಿತೆಂದು ಎಂಜಿನಿಯರು ಅಳೆದು ಬರೆದ ಪುಟವನ್ನೂ ಕೇಳಿ.