ಇದೇ 15ರಿಂದ ಸೇರಬಲ್ಲೆ

ಲೇಆಫ್ ಆದ ಮೇಲೆ ಇವತ್ತು ಒಬ್ಬ ರಿಕ್ರೂಟರ್‌ಗೆ ಬರೆದೆ. ಸುಮ್ನೆ 'ತಕ್ಷಣ ಸೇರಬಲ್ಲೆ' ಅಂತಷ್ಟೇ ಬರೆಯಲು ಮನಸ್ಸಾಗಲಿಲ್ಲ. ಕೆಲಸ ನಿಂತ ದಿನ ಬೇರೆ, ಕಾಗದದಲ್ಲಿರುವ ಕೊನೆಯ ದಿನ ಬೇರೆ ಇರಬಹುದು ಅಲ್ವಾ? ಲ್ಯಾಪ್‌ಟಾಪ್ ವಾಪಸ್ ಕೊಟ್ಟಾಗಿದೆ. ಆದರೂ ನೋಟಿಸ್ ಅವಧಿ ಮುಗಿಯುವವರೆಗೆ ನಾನು ಹಳೆಯ ಕಂಪನಿಯ ಉದ್ಯೋಗಿಯೇ. ಅಷ್ಟರೊಳಗೆ ಇನ್ನೊಂದು ಕಡೆ ಸೇರಿದರೆ ಎರಡೂ ಕೆಲಸದ ದಿನಗಳು ಒಂದರ ಮೇಲೊಂದು ಬೀಳುತ್ತವೆ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ತೊಂದರೆಯಾಗುವುದು ಇಲ್ಲೇ.

ಹಾಗಾಗಿ ಹೀಗೆ ಬರೆದೆ: "ನಮಸ್ತೆ ಮೇಡಂ. ನಮ್ಮ ಇಡೀ ಟೆಸ್ಟಿಂಗ್ ಟೀಮನ್ನು ಕಂಪನಿ ತೆಗೆದಿದೆ. ನನ್ನ ಕೊನೆಯ ದಿನ ಈ ತಿಂಗಳ 14. ರಿಲೀವಿಂಗ್ ಲೆಟರ್ ಅವತ್ತೇ ಕೊಡುವುದಾಗಿ ಮೇಲ್‌ನಲ್ಲಿ ತಿಳಿಸಿದ್ದಾರೆ. 15ರಿಂದ ಯಾವತ್ತು ಬೇಕಾದರೂ ಸೇರಬಲ್ಲೆ. ಇಂಟರ್‌ವ್ಯೂಗೆ ನಾಳೆಯೇ ಸಿಗುತ್ತೇನೆ. ಆಟೊಮೇಷನ್ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ರೆಸ್ಯೂಮೆ ಕಳಿಸಿದ್ದೇನೆ."

ಲೇಆಫ್ ಬಗ್ಗೆ ಒಂದೇ ಸಾಲು ಸಾಕೆನಿಸಿತು. ಬೇಜಾರು ಜಾಸ್ತಿಯೇ ಇದೆ, ಆದರೆ ಅವರಿಗೆ ಬೇಕಿರುವುದು ಅದಲ್ಲ. ಸಂಬಳದ ಮಾತನ್ನು ಬೇಕಂತಲೇ ಬಿಟ್ಟೆ. ಕೆಲಸ ಹೋದವರು ಕಡಿಮೆಗೂ ಒಪ್ಪುತ್ತಾರೆ ಅನ್ನುವ ಲೆಕ್ಕ ಕೆಲವರಿಗಿರುತ್ತದೆ. ಮೊದಲು ಅವರ ಕೆಲಸ ಏನೆಂದು ತಿಳಿಯಲಿ, ದುಡ್ಡಿನ ಮಾತು ಆಮೇಲೆ.