ಬೇಲೂರಿನಲ್ಲಿ ದಾಸೋಜ, ಚಾವಣರ ಕಲ್ಲು

ಈ ಸಲ ಬೇಲೂರಿಗೆ ಹೋದಾಗ ಜೊತೆಗಿದ್ದವರು ತಲೆಮಾರುಗಳಿಂದ ಕಲ್ಲು ಕೆತ್ತುವ ಮನೆತನದ ಆಚಾರ್ರು. ಚೆನ್ನಕೇಶವ ಗುಡಿಯ ಜಗತಿ ಹತ್ತಿದವರು ಮೊದಲು ನೋಡಿದ್ದು ಮದನಿಕೆಯರ ಮುಖವನ್ನಲ್ಲ, ಪೀಠದ ಕೆಳಗಿನ ಅಕ್ಷರಗಳನ್ನು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ: ಇಬ್ಬರೂ ಇಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಈ ಗುಡಿ ಕಟ್ಟಿಸಿದಾಗ ಅಪ್ಪನೂ ಮಗನೂ ಒಂದೇ ಕೆಲಸಕ್ಕೆ ಬಂದಿದ್ದರು.

ಇದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಮೃದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಮದನಿಕೆಯ ಬಳೆ, ಅವಳ ತಲೆಯ ಮೇಲಿನ ಬಳ್ಳಿ, ಎಲ್ಲವನ್ನೂ ಅಷ್ಟು ಸಣ್ಣದಾಗಿ ಬಿಡಿಸಲು ಸಾಧ್ಯವಾಯಿತು. ಆದರೆ ಇದರಲ್ಲಿ ಪದರಗಳಿವೆ. ಪದರ ಯಾವ ಕಡೆಗಿದೆ ಎಂದು ನೋಡದೆ ಕಲ್ಲನ್ನು ನಿಲ್ಲಿಸಿದರೆ, ಭಾರ ಬಿದ್ದಾಗ ಸೀಳುತ್ತದೆ.

"ಕಲ್ಲನ್ನ ಮೊದಲು ಕೇಳ್ಬೇಕು ಸಾರ್" ಎಂದರು ಆಚಾರ್ರು. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಗಟ್ಟಿ ಕಲ್ಲು, ಮಂಕು ಸದ್ದು ಬಂದರೆ ಒಳಗೆ ಬಿರುಕು. ಅವರಿಗೆ ಇದನ್ನು ಕಲಿಸಿದವರು ಅಪ್ಪ, ಪುಸ್ತಕವಲ್ಲ. ಹುಡುಗನಾಗಿದ್ದಾಗ ಉಳಿ ಹಿಡಿಯುವ ಮೊದಲು ಎಷ್ಟೋ ಕಾಲ ಬರೀ ತಟ್ಟಿ ಕೇಳುವುದೇ ಅವರ ಕೆಲಸವಾಗಿತ್ತಂತೆ.

ಒಳಗಿನ ಕಂಬಗಳ ಮೇಲೆ ಬೆರಳಾಡಿಸಿದಂತೆ ತೋರಿಸುತ್ತ (ಮುಟ್ಟಲಿಲ್ಲ) ಅವರು ಸುತ್ತಿನ ಸಣ್ಣ ಗೆರೆಗಳನ್ನು ಕಾಣಿಸಿದರು. ಕಲ್ಲನ್ನು ತಿರುಗಿಸಿ ಕಡೆದಿದ್ದರ ಗುರುತು ಅದು. ಇಷ್ಟು ನುಣುಪು ಬರುವುದು ಈ ಕಲ್ಲಿನಲ್ಲೇ.

ಅದೇ ಗುಡಿಯೊಳಗೆ ಬೇರೆಯದೇ ಜಾತಿಯ ನಾಲ್ಕು ಕಂಬಗಳಿವೆ. 1381ರಲ್ಲಿ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ ಅಧಿಕಾರಿ ಕಂಪಣ್ಣ ನಿಲ್ಲಿಸಿದ ಗ್ರಾನೈಟ್ ಕಂಬಗಳು. ನನಗೆ ಇಡೀ ಗುಡಿಯಲ್ಲಿ ಹೆಚ್ಚು ಹಿಡಿಸಿದ್ದು ಇವೇ. ಗ್ರಾನೈಟಿನಲ್ಲಿ ಪಳಗಿದ ಕೈ ಹೊಯ್ಸಳರ ಕಡೆದ ಕಂಬವನ್ನು ಅನುಕರಿಸಲು ಹೋಗಲಿಲ್ಲ. ತಮಗೆ ಗೊತ್ತಿದ್ದ ಕಲ್ಲನ್ನು ಆಸರೆಯಾಗಿ ಕೊಟ್ಟು ಸುಮ್ಮನಾದರು. ಹಳೆಯದು ಯಾವುದು, ಸೇರಿಸಿದ್ದು ಯಾವುದು ಎಂದು ಆರು ಶತಮಾನ ಕಳೆದ ಮೇಲೂ ಒಂದು ನೋಟಕ್ಕೆ ತಿಳಿಯುತ್ತದೆ.

ಹೊರಗೆ ಬಂದಾಗ ಸಿಮೆಂಟಿನ ಮಾತು ಬಂತು. ಹಳೆಯ ಗುಡಿಗಳ ಸಂದಿಗೆ ಅದನ್ನು ತುಂಬಿದರೆ ಒಳಗೆ ಸೇರಿದ ನೀರು ಹೊರಬರಲು ದಾರಿ ಸಿಗದೆ, ಪಕ್ಕದ ಕಲ್ಲಿನ ಮೂಲಕವೇ ಹೊರಡುತ್ತದೆ. ಆಗ ಉದುರುವುದು ಸಿಮೆಂಟಲ್ಲ, ಕೆತ್ತನೆ. ಸುಣ್ಣದ ಗಾರೆಯಾದರೆ ನೀರು ಅದರಲ್ಲೇ ಆರುತ್ತದೆ. ಹಾಳಾದರೂ ಗಾರೆ ಹಾಳಾಗುತ್ತದೆ, ಅದನ್ನು ಮತ್ತೆ ತುಂಬಬಹುದು. ಗುಡಿ ದುರಸ್ತಿಗೆ ಕರೆದಾಗ ಆಚಾರ್ರು ಮೊದಲು ಕೇಳುವುದು ಸುಣ್ಣ ಎಲ್ಲಿಂದ ತರಿಸುತ್ತೀರಿ, ಎಷ್ಟು ದಿನ ನೆನೆಸಿಡುತ್ತೀರಿ ಎಂದು. ಉತ್ತರ ಸರಿ ಬರದಿದ್ದರೆ ಅವರು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ.