ಗುರುವಾರ 27, ನಾಲ್ಕೂವರೆ

12 ಮಾರ್ಚ್ 2025, ಬುಧವಾರ ರಾತ್ರಿ

ವರದಿಯ ಮೀಟಿಂಗಿಗೆ ಕೊನೆಗೂ ದಿನ ನಿಕ್ಕಿಯಾಯಿತು. ಮೇಲ್ ಕಳಿಸಿ ಆಗಿದೆ, ಆದರೂ ತಲೆಯೊಳಗೆ ಇನ್ನೂ "ನನಗೆ ಅವತ್ತು ಆಗಲ್ಲ" ಅನ್ನುವ ಸಾಲುಗಳೇ ಓಡುತ್ತಿವೆ.

ನಾನು ಕೇಳಿದ್ದು ಇಷ್ಟೇ: 25, 26, 27ರಲ್ಲಿ ಒಂದು ಗಂಟೆ ಯಾವಾಗ ಸಿಗುತ್ತದೆ? ಒಟ್ಟು ಒಂಬತ್ತು ಜನ. ಮೊದಲಿಬ್ಬರು ನೇರ ಉತ್ತರ ಕೊಟ್ಟರು. ಕಾನೂನು ನೋಡುವ ಸರ್ "ಬುಧವಾರ ಬಿಟ್ಟು ಯಾವತ್ತಾದ್ರೂ ಸರಿ" ಎಂದರು. ಡಿಸೈನ್ ಹುಡುಗ "ಮುಂದಿನ ಶುಕ್ರವಾರ ಇಟ್ಕೊಳ್ಳೋಣ್ವಾ" ಅಂತ ಹೊಸ ದಿನವನ್ನೇ ತಂದ. ಅದು 14ನೇ ತಾರೀಖೋ 21ನೇ ತಾರೀಖೋ, ಓದಿದವರು ತಮಗೆ ತೋಚಿದಂತೆ ತಿಳಿದುಕೊಂಡರು. ಇನ್ನಿಬ್ಬರು ಅದನ್ನು ನೋಡದೆ ಹಳೆಯ ಮೇಲ್‌ಗೇ ಉತ್ತರ ಬರೆದರು. ಒಬ್ಬರು ತಮ್ಮ ಉತ್ತರ ಬದಲಾಯಿಸಿ ನನಗೊಬ್ಬಳಿಗೆ ಮಾತ್ರ ಕಳಿಸಿದರು, ಉಳಿದವರ ಕಣ್ಣಿಗೆ ಅವರ ಹಳೆಯ ಮಾತೇ ಉಳಿಯಿತು. ಲಂಡನ್ನಿನಲ್ಲಿ ಕೂತು ಕರಡು ಬರೆದ ಅಕ್ಕ "ಗುರುವಾರ 11ಕ್ಕೆ" ಎಂದರು. ಯಾರ 11?

ಇಂಥ ಹೊತ್ತಲ್ಲಿ ಎಲ್ಲರಿಗೂ ಮತ್ತೊಂದು ಪ್ರಶ್ನೆ ಹಾಕಿದರೆ ಕೆಲಸ ಕೆಡುತ್ತದೆ. ಒಂಬತ್ತು ಹೊಸ ಉತ್ತರ ಬರುತ್ತವೆ, ಅಷ್ಟರಲ್ಲಿ ಹಳೆಯವು ಹಳಸಿರುತ್ತವೆ. ಅದಕ್ಕೇ ಇವತ್ತು ಮಧ್ಯಾಹ್ನ ಮೇಲ್‌ಗೆ ಉತ್ತರ ಬರೆಯೋದು ನಿಲ್ಲಿಸಿ ಒಂದು ಹಾಳೆ ತಗೊಂಡೆ. ಎಡಗಡೆ ಹೆಸರು, ಮೇಲೆ ದಿನ ಮತ್ತು ಹೊತ್ತು. ಪ್ರತಿಯೊಬ್ಬರ ಕೊನೆಯ ಮಾತನ್ನಷ್ಟೇ ಹಿಡಿದೆ. ಆಗುತ್ತೆ, ಆಗಲ್ಲ, ಕಷ್ಟಪಟ್ಟರೆ ಆಗುತ್ತೆ ಅಂತ ಮೂರು ಗುರುತು. ಉತ್ತರ ಕೊಡದವರ ಮನೆ ಖಾಲಿ ಬಿಟ್ಟೆ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ. ಆ ಖಾಲಿ ಮನೆಗಳಿಗೆ ಫೋನ್ ಮಾಡಿದೆ.

ಹಾಳೆ ತುಂಬಿದ ಮೇಲೆ ಬುಧವಾರ ಮೂರು ಗಂಟೆಗೆ ಏಳು ಜನ ಸಿಕ್ಕರು. ಗುರುವಾರ ನಾಲ್ಕೂವರೆಗೆ ಆರೇ ಜನ. ಮಂಗಳವಾರ ನಾಲ್ಕೇ ಜನ, ಅದನ್ನು ಅಲ್ಲೇ ಹೊಡೆದು ಹಾಕಿದೆ.

ಏಳು ಜನ ಬರುವ ದಿನವೇ ಸರಿ ಅನಿಸುತ್ತೆ, ಅಲ್ವಾ? ಆದರೆ ಈ ಮೀಟಿಂಗ್ ನಡೆಯುವುದು ವರದಿಗೆ ಒಪ್ಪಿಗೆ ಕೊಡೋಕೆ. ಕರಡು ಬರೆದವರು, ಕಾನೂನು ನೋಡುವವರು, ಸಹಿ ಹಾಕುವ ಮೇಡಂ, ಈ ಮೂವರಲ್ಲಿ ಒಬ್ಬರಿಲ್ಲದಿದ್ದರೂ ಅವತ್ತು ಏನೂ ತೀರ್ಮಾನವಾಗಲ್ಲ, ಇನ್ನೊಂದು ಮೀಟಿಂಗ್ ಕರೆಯಬೇಕಾಗುತ್ತೆ. ಬುಧವಾರ ಕಾನೂನಿನ ಸರ್ ಇಲ್ಲ. ಗುರುವಾರ ಮೂವರೂ ಇದ್ದಾರೆ. ಬೇಕೇಬೇಕಾದವರನ್ನು ಮೊದಲು ನೋಡಬೇಕು, ತಲೆ ಎಣಿಸೋದು ಆಮೇಲೆ.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅದು ಲಂಡನ್ನಿನ ಬೆಳಿಗ್ಗೆ 11, ಅಂದರೆ 27ರಂದು ನಮ್ಮ ನಾಲ್ಕೂವರೆ. ಅವರೇ ನೆನಪಿಸಿದರು: "ಏಪ್ರಿಲ್‌ಗೆ ಮುಂದೆ ಹಾಕಿದ್ರೆ ಲೆಕ್ಕ ಬದಲಾಗುತ್ತೆ ನೋಡು, 30ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ." ಆಮೇಲೆ ಅದೇ 11 ನಮಗೆ ಮೂರೂವರೆ. ಮೇಡಂ ಮತ್ತು ಸರ್ ಇಬ್ಬರಿಗೂ ಒಂದೊಂದೇ ಸಾಲು ಕಳಿಸಿದೆ, "ಗುರುವಾರ 27, ನಾಲ್ಕೂವರೆ, ಖಚಿತವಾ?" ಇಬ್ಬರೂ ಹೂಂ ಎಂದರು. ಕೂಡಲೇ ಮೂವರ ಕ್ಯಾಲೆಂಡರಿನಲ್ಲೂ ಆ ಹೊತ್ತು ಹಿಡಿದಿಟ್ಟೆ.

ಆಮೇಲೆಯೇ ಎಲ್ಲರಿಗೂ ಬರೆದದ್ದು. ಮೇಲ್‌ನ ವಿಷಯದ ಸಾಲನ್ನೂ ಬದಲಾಯಿಸಿದೆ, ಹಳೆಯ ಎಳೆಯಲ್ಲಿ ಕಳಿಸಿದರೆ ಇದೂ ಇನ್ನೊಂದು ಉತ್ತರ ಅಂತ ದಾಟಿ ಹೋಗುತ್ತಾರೆ.

"ವರದಿ ಮೀಟಿಂಗ್ ನಿಗದಿ: ಗುರುವಾರ, 27 ಮಾರ್ಚ್, ಸಂಜೆ 4:30ರಿಂದ 5:30 (ಲಂಡನ್ ಬೆಳಿಗ್ಗೆ 11). ಒಪ್ಪಿಗೆ ಕೊಡಬೇಕಾದ ಮೂವರೂ ಸಿಗುವುದು ಆಗಲೇ. ಬರಲಾಗದ ಮೂವರು ತಮ್ಮ ಮಾತನ್ನು ಮಂಗಳವಾರ ಸಂಜೆಯೊಳಗೆ ನನಗೆ ಬರೆದು ಕಳಿಸಿ, ಅಲ್ಲಿ ಓದುತ್ತೇನೆ. ಆ ಮೂವರಲ್ಲಿ ಯಾರಿಗಾದರೂ ತೊಂದರೆಯಾದರೆ ಮಾತ್ರ ದಿನ ಬದಲಾಗುತ್ತದೆ."

"ಎಲ್ಲರಿಗೂ ಸರಿಯಾ?" ಅಂತ ಕೊನೆಗೆ ಸೇರಿಸಲಿಲ್ಲ. ಆ ಒಂದು ಮಾತು ಸಾಕು, ಮುಚ್ಚಿದ್ದು ಮತ್ತೆ ತೆರೆದುಕೊಳ್ಳೋಕೆ. ಆದರೆ ಮತ್ತೆ ಓದುವಾಗ ಕೊನೆಯ ಸಾಲಿನ "ಆ ಮೂವರು" ಯಾರು ಅಂತ ಗೊಂದಲ ಆಗಬಹುದು ಅನಿಸಿ, "ಒಪ್ಪಿಗೆ ಕೊಡುವವರಲ್ಲಿ" ಅಂತ ತಿದ್ದಿಯೇ ಕಳಿಸಿದೆ.

ಹತ್ತು ನಿಮಿಷಕ್ಕೇ ಒಂದು ಉತ್ತರ. "ಅರ್ಧ ಗಂಟೆ ಮುಂಚೆ ಮಾಡಬಹುದಾ?" ಅವರೊಬ್ಬರಿಗೇ ಬರೆದೆ: ಆಗಲ್ಲ, ಮೇಡಂ ನಾಲ್ಕೂ ಕಾಲಿನವರೆಗೆ ಬೇರೆ ಕಡೆ ಇದ್ದಾರೆ, ನೀವು ಬೇಕಿದ್ದರೆ ಬೇಗ ಹೊರಡಿ.

ಈಗ ಮನಸ್ಸು ಇರುವುದು ಅಂಕಿಅಂಶದ ಹುಡುಗಿಯ ಮೇಲೆ. ವರದಿಯ ಕೋಷ್ಟಕಗಳೆಲ್ಲ ಅವಳ ಕೆಲಸ, ಗುರುವಾರ ಅವಳಿಗೆ ಬರೋಕಾಗಲ್ಲ. "ಪರವಾಗಿಲ್ಲ ಅಕ್ಕ" ಅಂತಷ್ಟೇ ಬರೆದಿದ್ದಾಳೆ. ಬರೆದು ಕಳಿಸು ಅಂದರೆ ಚೆನ್ನಾಗಿಯೇ ಬರೆಯುತ್ತಾಳೆ. ಆದರೆ ಎರಡನೇ ಕೋಷ್ಟಕದ ಬಗ್ಗೆ ಸರ್ ಪ್ರಶ್ನೆ ಎತ್ತಿದರೆ ಹೇಳಬೇಕಾದವಳು ಅವಳೇ. ನಾಳೆ ಬೆಳಿಗ್ಗೆ ಅವಳ ಜೊತೆ ಕೂತು, ಸರ್ ಏನೇನು ಕೇಳಬಹುದು ಅಂತ ಮೊದಲೇ ನೋಡಿಕೊಳ್ಳಬೇಕು.